ಎಮ್ಮೆ, ಬಸ್ಸು, ಅಕ್ಕಿ ಮೂಟೆ: ಉದ್ದನೆಯ ಮೆಕ್ಯಾನಿಕ್ಸ್ ಲೆಕ್ಕವನ್ನು ಓದುವ ಬಗೆ

ಮೊದಲು ಲೆಕ್ಕ ನೋಡಿ. ಹತ್ತನೇ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಬಂದವರು ಎದುರಿಸುವ ಮಟ್ಟದ್ದೇ ಇದು.

"ಸಮತಟ್ಟಾದ ನೇರ ರಸ್ತೆಯಲ್ಲಿ 12,000 ಕೆ.ಜಿ. ದ್ರವ್ಯರಾಶಿಯ ಬಸ್ಸೊಂದು ಗಂಟೆಗೆ 72 ಕಿ.ಮೀ. ಏಕರೂಪ ವೇಗದಲ್ಲಿ ಸಾಗುತ್ತಿದೆ. 60 ಮೀಟರ್ ಮುಂದೆ ರಸ್ತೆಯ ನಡುವೆ ಎಮ್ಮೆಯೊಂದು ನಿಂತಿರುವುದು ಚಾಲಕನಿಗೆ ಕಾಣುತ್ತದೆ. ಕಂಡ 0.8 ಸೆಕೆಂಡಿನ ನಂತರ ಅವನು ಬ್ರೇಕ್ ಹಾಕುತ್ತಾನೆ. ಅಲ್ಲಿಂದ ಬಸ್ಸು ಏಕರೂಪವಾಗಿ ವೇಗ ಕಳೆದುಕೊಂಡು ಎಮ್ಮೆಗಿಂತ 4 ಮೀಟರ್ ಹಿಂದೆ ನಿಲ್ಲುತ್ತದೆ. ಬಸ್ಸಿನ ನೆಲದ ಮೇಲೆ 25 ಕೆ.ಜಿ.ಯ ಅಕ್ಕಿ ಮೂಟೆಯಿದೆ. ಮೂಟೆಗೂ ನೆಲಕ್ಕೂ ನಡುವಿನ ಸ್ಥಾಯಿ ಘರ್ಷಣಾಂಕ 0.4. (ಅ) ಬ್ರೇಕ್ ಹಾಕಿದ ಮೇಲೆ ಬಸ್ಸಿನ ವೇಗೋತ್ಕರ್ಷ ಎಷ್ಟು? (ಆ) ಬ್ರೇಕ್ ಹಾಕಿದ ಮೇಲೆ ನಿಲ್ಲಲು ಎಷ್ಟು ಸಮಯ ಹಿಡಿಯಿತು? (ಇ) ಮೂಟೆ ಜಾರುತ್ತದೆಯೇ? g = 10 m/s² ಎಂದು ತೆಗೆದುಕೊಳ್ಳಿ."

ಇಂಥದ್ದನ್ನು ಕೊಟ್ಟ ಕೂಡಲೇ ಹೆಚ್ಚಿನ ಮಕ್ಕಳು ಮಾಡುವುದು ಒಂದೇ ಕೆಲಸ. ಅಂಕಿಗಳಿಗೆಲ್ಲ ಗೆರೆ ಎಳೆದು, 72, 60, 0.8, 4 ಎಂದು ಸಾಲಾಗಿ ಬರೆದು, "ಇದಕ್ಕೆ ಯಾವ ಫಾರ್ಮುಲಾ ಸರ್?" ಎಂದು ಕೇಳುವುದು. ಪ್ರಶ್ನೆ ಕೇಳುವುದು ತಪ್ಪಲ್ಲ, ಆದರೆ ಬೇಗ ಆಯಿತು. v² = u² + 2as ನೆನಪಾಗಿ, s ಜಾಗದಲ್ಲಿ 60 ಹಾಕಿಬಿಟ್ಟರೆ ವೇಗೋತ್ಕರ್ಷ -3.33 ಬರುತ್ತದೆ. ನೋಡಲು ಚೆನ್ನಾಗಿಯೇ ಇರುವ ಉತ್ತರ. ಅದನ್ನು ನಂಬಿ ಮುಂದೆ ಹೋದರೆ ಮೂಟೆ ಜಾರುವುದಿಲ್ಲ ಎಂದೂ ಬರುತ್ತದೆ. ನಿಜಕ್ಕೂ ಅದು ಜಾರುತ್ತದೆ. ಸೂತ್ರ ಸರಿ, ಗುಣಾಕಾರ ಭಾಗಾಕಾರ ಸರಿ, ಓದಿದ್ದು ಮಾತ್ರ ತಪ್ಪು.

ಮೊದಲ ಓದು: ಪೆನ್ನು ಕೆಳಗಿಡಿ

ಒಂದು ಸಲ ಪೆನ್ನು ಮುಟ್ಟದೆ ಪೂರ್ತಿ ಓದಿ. ಓದಿ ಮುಗಿಸಿ, ಪುಟದಿಂದ ಕಣ್ಣು ತೆಗೆದು, ಒಂದೂ ಅಂಕಿ ಬಳಸದೆ ನಡೆದದ್ದನ್ನು ಪಕ್ಕದವರಿಗೆ ಹೇಳುವ ಹಾಗೆ ಹೇಳಿಕೊಳ್ಳಿ: ಬಸ್ಸು ಒಂದೇ ವೇಗದಲ್ಲಿ ಬರುತ್ತಿತ್ತು. ಡ್ರೈವರ್ ಎಮ್ಮೆ ನೋಡಿದ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಬಸ್ಸು ಇನ್ನಷ್ಟು ಮುಂದೆ ಬಂದಿತ್ತು. ಆಮೇಲೆ ಬ್ರೇಕ್ ಹಿಡಿಯಿತು, ಎಮ್ಮೆಗೆ ಸ್ವಲ್ಪ ದೂರದಲ್ಲಿ ನಿಂತಿತು. ಒಳಗಿದ್ದ ಮೂಟೆ ಜಾರಿರಬಹುದು, ಜಾರದೆಯೂ ಇದ್ದಿರಬಹುದು.

ಅಂಕಿ ಬಿಟ್ಟು ಹೇಳಿದರೆ ಬಸ್ಸಿನ ಓಟ ಎರಡು ಹಂತದ್ದು ಎನ್ನುವುದು ತಾನಾಗಿ ಎದ್ದು ಕಾಣುತ್ತದೆ. ನೋಡಿದ್ದರಿಂದ ಬ್ರೇಕ್ ಹಾಕುವವರೆಗೆ ಒಂದು, ಬ್ರೇಕ್ ಹಾಕಿದ್ದರಿಂದ ನಿಲ್ಲುವವರೆಗೆ ಇನ್ನೊಂದು. ಒಂದನೆಯದರಲ್ಲಿ ವೇಗ ಬದಲಾಗುವುದಿಲ್ಲ, ಎರಡನೆಯದರಲ್ಲಿ ಇಳಿಯುತ್ತದೆ. ನಮಗೆ ಗೊತ್ತಿರುವ ಮೂರು ಚಲನೆಯ ಸೂತ್ರಗಳು ವೇಗೋತ್ಕರ್ಷ ಸ್ಥಿರವಾಗಿರುವ ಒಂದು ತುಂಡಿಗೆ ಮಾತ್ರ ಅನ್ವಯಿಸುತ್ತವೆ. ಎರಡು ತುಂಡನ್ನು ಒಟ್ಟಿಗೆ ಹಿಡಿದು ಒಂದೇ ಸೂತ್ರಕ್ಕೆ ತುರುಕಿದರೆ ಆ 3.33 ಹುಟ್ಟುತ್ತದೆ.

ಕತೆ ಹೇಳಲು ಆಗದಿದ್ದರೆ ಮುಂದೆ ಹೋಗಬೇಡಿ, ಮತ್ತೆ ಓದಿ. ಇಲ್ಲಿ ಕಳೆಯುವ ಒಂದು ನಿಮಿಷ ಆಮೇಲೆ ಹತ್ತು ನಿಮಿಷ ಉಳಿಸುತ್ತದೆ.

ಎರಡನೇ ಓದು: ಅಂಕಿಯಲ್ಲದ ಅಂಕಿಗಳು

ಈಗ ಪೆನ್ಸಿಲ್ ಹಿಡಿಯಿರಿ. ಈ ಸಲ ಅಂಕಿಗಳನ್ನು ಬಿಟ್ಟು ಪದಗಳಿಗೆ ಗೆರೆ ಎಳೆಯಿರಿ. ಲೆಕ್ಕ ಬರೆದವರು ಅರ್ಧ ಮಾಹಿತಿಯನ್ನು ಪದಗಳಲ್ಲೇ ಅಡಗಿಸಿರುತ್ತಾರೆ.

"ನಿಲ್ಲುತ್ತದೆ" ಎಂದರೆ ಅಂತಿಮ ವೇಗ v = 0. "ಏಕರೂಪ ವೇಗದಲ್ಲಿ" ಎಂದರೆ a = 0. "ಏಕರೂಪವಾಗಿ ವೇಗ ಕಳೆದುಕೊಂಡು" ಎಂದರೆ a ಸೊನ್ನೆಯಲ್ಲ, ಬದಲಾಗದ ಒಂದು ಋಣ ಸಂಖ್ಯೆ. ಇಲ್ಲಿ "ಏಕರೂಪ" ಪದ ಎರಡು ಸಲ ಬಂದಿದೆ, ಎರಡೂ ಸಲ ಬೇರೆ ಬೇರೆ ಅರ್ಥದಲ್ಲಿ. ಒಂದು ಕಡೆ ಏಕರೂಪವಾಗಿರುವುದು ವೇಗ, ಇನ್ನೊಂದು ಕಡೆ ಏಕರೂಪವಾಗಿರುವುದು ವೇಗ ಇಳಿಯುವ ದರ. ಅದಕ್ಕೇ "ಏಕರೂಪ" ಎಂದು ಕಂಡ ಕಡೆಯಲ್ಲೆಲ್ಲ "ಯಾವುದು ಏಕರೂಪ?" ಎಂದು ಅಂಚಿನಲ್ಲಿ ಬರೆದುಕೊಳ್ಳಿ.

"ಸಮತಟ್ಟಾದ" ಎನ್ನುವುದು ಅಲಂಕಾರಕ್ಕೆ ಬಂದ ಪದ ಎಂದುಕೊಂಡರೆ ಮೂರನೇ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ. ರಸ್ತೆ ಸಮತಟ್ಟಾಗಿದೆ, ಆದ್ದರಿಂದ ಬಸ್ಸಿನ ನೆಲವೂ ಸಮತಟ್ಟು, ಆದ್ದರಿಂದ ನೆಲ ಮೂಟೆಯನ್ನು ಮೇಲಕ್ಕೆ ಒತ್ತುವ ಬಲ ಮೂಟೆಯ ತೂಕಕ್ಕೆ ಸಮ. ಘಾಟಿಯ ಇಳಿಜಾರಾಗಿದ್ದರೆ ಈ ಮಾತು ನಿಲ್ಲುತ್ತಿರಲಿಲ್ಲ.

ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದವರಿಗೆ ಇನ್ನೊಂದು ಮಾತು. ಇಂಗ್ಲಿಷ್ ಪ್ರಶ್ನೆಯಲ್ಲಿ ಬರುವ ಕೆಲವು ಸಾಧಾರಣ ಪದಗಳಿಗೆ ಮೆಕ್ಯಾನಿಕ್ಸ್‌ನಲ್ಲಿ ಖಚಿತವಾದ ಅರ್ಥವಿದೆ. ಮೇಲ್ಮೈ "ಸ್ಮೂತ್" ಎಂದಿದ್ದರೆ ನುಣುಪು ಎಂದಷ್ಟೇ ಅಲ್ಲ, ಘರ್ಷಣೆ ಸೊನ್ನೆ ಎಂದು. ದಾರ "ಲೈಟ್" ಎಂದಿದ್ದರೆ ಅದರ ದ್ರವ್ಯರಾಶಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು. "ಫ್ರಮ್ ರೆಸ್ಟ್" ಎಂದಿದ್ದರೆ u = 0. ಕಲ್ಲನ್ನು "ಡ್ರಾಪ್ಡ್" ಎಂದಿದ್ದರೆ ಸುಮ್ಮನೆ ಕೈಬಿಟ್ಟದ್ದು, ಅಲ್ಲೂ u = 0. "ಥ್ರೋನ್" ಎಂದಿದ್ದರೆ ಎಸೆದದ್ದು, u ಸೊನ್ನೆಯಲ್ಲ. ಆದರೆ ಏರುತ್ತಿರುವ ಬಲೂನಿನಿಂದ ಕಲ್ಲನ್ನು ಕೈಬಿಟ್ಟರೆ, ನೆಲದಿಂದ ನೋಡುವವರಿಗೆ ಅದರ u ಬಲೂನಿನ ವೇಗವೇ. ಪದ ಒಂದೇ, ಸನ್ನಿವೇಶ ಬೇರೆ.

ಬಾಯಿಪಾಠದಿಂದ ಹುಟ್ಟುವ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚೆಂಡು ಮೇಲಿಂದ "ನೆಲಕ್ಕೆ ಬೀಳುತ್ತದೆ" ಎಂದು ಓದಿದಾಗ v = 0 ಎಂದು ಬರೆಯುವವರು ಬಹಳ. ಬಿದ್ದ ಮೇಲೆ ನಿಲ್ಲುತ್ತದಲ್ಲ ಎನ್ನುವುದು ಅವರ ತರ್ಕ. ನಮ್ಮ ಸೂತ್ರ ನೆಲ ಮುಟ್ಟುವ ಕ್ಷಣದವರೆಗೆ ಮಾತ್ರ ಕೆಲಸ ಮಾಡುತ್ತದೆ, ಆ ಕ್ಷಣದಲ್ಲಿ ಚೆಂಡಿಗೆ ಅದರ ಅತಿ ಹೆಚ್ಚಿನ ವೇಗ ಇರುತ್ತದೆ.

ಗೊತ್ತಿರುವುದು, ಗೊತ್ತಿಲ್ಲದ್ದು

ಪಟ್ಟಿ ಬರೆಯುವ ಮುನ್ನ ಮಾನಗಳನ್ನು ಒಂದೇ ಜಾತಿಗೆ ತನ್ನಿ. ಗಂಟೆಗೆ 72 ಕಿ.ಮೀ. ಎಂದರೆ 72,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿದಷ್ಟು, 20 m/s. ಇದನ್ನು ಪಟ್ಟಿಗೆ ಹಾಕುವಾಗಲೇ ಮಾಡಿ, ಸೂತ್ರದೊಳಗೆ ಹೋದ ಮೇಲೆ ಮಾಡುತ್ತೇನೆ ಎಂದರೆ ಮರೆಯುತ್ತೀರಿ. ಮರೆತರೆ ಏನಾಗುತ್ತದೆ ಎಂದು ಆಮೇಲೆ ತೋರಿಸುತ್ತೇನೆ.

ಹಂತ ಎರಡಿದ್ದರೆ ಪಟ್ಟಿಯೂ ಎರಡು. ಎಮ್ಮೆ ಕಂಡ ಜಾಗ A, ಬ್ರೇಕ್ ಹಾಕಿದ ಜಾಗ B, ನಿಂತ ಜಾಗ C ಎಂದುಕೊಳ್ಳೋಣ. ಬಸ್ಸು ಹೋಗುವ ದಿಕ್ಕು ಧನ.

```
A→B :  u = 20   v = 20   a = 0   t = 0.8   s = ?
B→C :  u = 20   v = 0    a = ?   t = ?     s = ?
```

ಪ್ರತಿ ಸಾಲಿನಲ್ಲೂ ಐದೂ ಅಕ್ಷರ ಬರೆಯಿರಿ, ಗೊತ್ತಿಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ ಇಡಿ. ಸ್ಥಿರ ವೇಗೋತ್ಕರ್ಷದ ಚಲನೆಯಲ್ಲಿ ಈ ಐದರಲ್ಲಿ ಸಾಮಾನ್ಯವಾಗಿ ಮೂರು ಗೊತ್ತಿದ್ದರೆ ಉಳಿದೆರಡು ಸಿಗುತ್ತವೆ. ಎರಡನೇ ಸಾಲು ನೋಡಿ: ಗೊತ್ತಿರುವುದು ಎರಡೇ. ಪ್ರಶ್ನೆ ಚಿಹ್ನೆ ಮೂರು. ಎಂದರೆ ಇನ್ನೊಂದು ಸಂಗತಿ ಸಿಗದೆ ಈ ಸಾಲು ಬಿಡಿಸಲು ಬರುವುದಿಲ್ಲ. ಪಟ್ಟಿಯ ದೊಡ್ಡ ಉಪಕಾರ ಇದು. ಏನಿದೆ ಎನ್ನುವುದರ ಜೊತೆಗೆ ಏನು ಸಾಲದು ಎಂದೂ ಹೇಳುತ್ತದೆ.

60 ಮತ್ತು 4 ಪಟ್ಟಿಗೆ ಬರಲೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾಗಿಯೇ ಬಂದಿಲ್ಲ. 60 ಮೀಟರ್ A ಇಂದ ಎಮ್ಮೆಯವರೆಗಿನ ದೂರ. ಅದು ಮೊದಲ ಹಂತದ s ಅಲ್ಲ, ಎರಡನೆಯದರದ್ದೂ ಅಲ್ಲ. ಯಾವ ಸಾಲಿಗೂ ಸೇರದ ಅಂಕಿಗಳನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿಡಿ. ಅವುಗಳ ಜಾಗ ಇರುವುದು ಚಿತ್ರದಲ್ಲಿ.

ಇನ್ನು 12,000 ಕೆ.ಜಿ. ಅದನ್ನೂ ಪಕ್ಕದಲ್ಲಿ ಬರೆಯಿರಿ. ಕೊಟ್ಟಿದ್ದಾರೆ ಎಂದ ಮಾತ್ರಕ್ಕೆ ಬಳಸಲೇಬೇಕು ಎಂದಿಲ್ಲ. ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದೂ ಬಸ್ಸಿನ ಮೇಲಿನ ಬಲವನ್ನು ಕೇಳಿಲ್ಲ. ಬ್ರೇಕಿನ ಬಲ ಎಷ್ಟು ಎಂದಿದ್ದರೆ ಮಾತ್ರ ಇದು ಬೇಕಾಗುತ್ತಿತ್ತು.

ಚಿತ್ರ: ಬಸ್ಸಿಗೆ ಕಿಟಕಿ ಬೇಡ

ಚಿತ್ರ ಎಂದ ಕೂಡಲೇ ಬಸ್ಸಿಗೆ ಚಕ್ರ, ಎಮ್ಮೆಗೆ ಕೋಡು ಬರೆಯುವವರಿದ್ದಾರೆ. ಚೆನ್ನಾಗಿ ಬರೆದವರ ಚಿತ್ರ ಮೆಚ್ಚಿ ಒಮ್ಮೆ ನಾನೂ ಸುಮ್ಮನಾಗಿದ್ದೆ. ಆಮೇಲೆ ನೋಡಿದರೆ ಆ ಚಿತ್ರದಲ್ಲಿ ಒಂದೂ ದೂರ ಗುರುತಿಸಿರಲಿಲ್ಲ. ನಮಗೆ ಬೇಕಾದದ್ದು ಒಂದು ಗೆರೆ, ಅದರ ಮೇಲೆ ಘಟನೆಗಳ ಚುಕ್ಕೆ. ಬಸ್ಸಿನ ಮುಂಭಾಗವನ್ನೇ ಒಂದು ಚುಕ್ಕೆ ಎಂದುಕೊಳ್ಳಿ, ಬಸ್ಸಿನ ಉದ್ದ ಈ ಲೆಕ್ಕಕ್ಕೆ ಬರುವುದಿಲ್ಲ. (ರೈಲು ಸೇತುವೆ ದಾಟುವ ಲೆಕ್ಕದಲ್ಲಿ ಉದ್ದವೇ ಮುಖ್ಯ. ಅಲ್ಲಿ ಚುಕ್ಕೆ ಇಟ್ಟರೆ ಕೆಟ್ಟಿತು.) ಎಮ್ಮೆ X.

```
A --------- B ----------------------- C --- X
  20×0.8=16             s = ?            4
|<------------------- 60 ------------------>|
```

ಗೆರೆ ಎಳೆದ ಮೇಲೆ ಕಾಣೆಯಾಗಿದ್ದ ಮೂರನೇ ಸಂಗತಿ ಕಣ್ಣ ಮುಂದೆಯೇ ಇದೆ. ಮೊದಲ ಹಂತದ ದೂರ 16 ಮೀಟರ್. ಒಟ್ಟು 60. ಕೊನೆಯಲ್ಲಿ ಉಳಿದದ್ದು 4. ಹಾಗಾದರೆ ಬ್ರೇಕ್ ಹಾಕಿದ ಮೇಲೆ ಓಡಿದ್ದು 60 - 16 - 4 = 40 ಮೀಟರ್. ಎರಡನೇ ಸಾಲಿನ s ಪಕ್ಕದ ಪ್ರಶ್ನೆ ಚಿಹ್ನೆ ಹೊಡೆದುಹಾಕಿ 40 ಬರೆಯಿರಿ. ಈಗ ಗೊತ್ತಿರುವುದು ಮೂರಾಯಿತು. ಪಟ್ಟಿ ಕೇಳಿದ್ದನ್ನು ಚಿತ್ರ ಕೊಟ್ಟಿತು. ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ, ಒಂದು ಪುಟದ ಹಿಂದೆ ಇನ್ನೊಂದನ್ನು ಬರೆಯಬೇಡಿ.

ಗಂಟೆ-ಕಿಲೋಮೀಟರ್ ಬದಲಾಯಿಸಲು ಮರೆತವರ ಚಿತ್ರ ಇಲ್ಲೇ ಕೂಗಿಕೊಳ್ಳುತ್ತದೆ. 72 × 0.8 = 57.6. ಅಲ್ಲಿಂದ 60 - 57.6 - 4 ಎಂದರೆ -1.6. ಬ್ರೇಕ್ ಹಾಕಿದ ಬಸ್ಸು ಹಿಂದಕ್ಕೆ ಹೋಯಿತು ಎಂದ ಹಾಗಾಯಿತು. ಚಿತ್ರವಿಲ್ಲದೆ ಬರೀ ಸೂತ್ರದಲ್ಲೇ ಹೋದವರಿಗೆ ಇಂಥ ಎಚ್ಚರಿಕೆ ಸಿಗುವುದಿಲ್ಲ.

ಈಗ ಸೂತ್ರ ಹುಡುಕಿ. B→C ಸಾಲಿನಲ್ಲಿ u, v, s ಗೊತ್ತು, a ಬೇಕು, t ಸದ್ಯಕ್ಕೆ ಬೇಡ. t ಇಲ್ಲದ ಸೂತ್ರ ಯಾವುದು? ಇನ್ನು ಊಹಿಸುವ ಮಾತೇ ಇಲ್ಲ.

```
v² = u² + 2as
0  = 400 + 2 × a × 40
a  = -5 m/s²

v = u + at  →  0 = 20 - 5t  →  t = 4 s
```

ಋಣ ಚಿಹ್ನೆ ಹೇಳುವುದು ವೇಗೋತ್ಕರ್ಷ ಬಸ್ಸಿನ ಓಟಕ್ಕೆ ಎದುರು ದಿಕ್ಕಿನಲ್ಲಿದೆ ಎಂದು. ಧನ ದಿಕ್ಕು ಯಾವುದು ಎಂದು ಮೊದಲೇ ಬರೆದಿದ್ದರಿಂದ ಇದನ್ನು ಮತ್ತೆ ಯೋಚಿಸಬೇಕಾಗಿಲ್ಲ.

ಉತ್ತರ ಸರಿಯೇ ಎಂದು ನೋಡಲು ನನಗೆ ಇಷ್ಟವಾದ ದಾರಿ ಇನ್ನೊಂದು ಪುಟ್ಟ ಚಿತ್ರ. ಅಡ್ಡಕ್ಕೆ ಸಮಯ, ಉದ್ದಕ್ಕೆ ವೇಗ ಹಾಕಿದ ನಕ್ಷೆ. ಮೊದಲ 0.8 ಸೆಕೆಂಡು 20ರ ಎತ್ತರದಲ್ಲಿ ಅಡ್ಡಗೆರೆ, ಆಮೇಲೆ 4 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯುವ ಓರೆಗೆರೆ. ಗೆರೆಯ ಕೆಳಗಿನ ವಿಸ್ತೀರ್ಣವೇ ದೂರ. ಆಯತ 16, ತ್ರಿಕೋನ 20 × 4ರ ಅರ್ಧ ಎಂದರೆ 40. ಒಟ್ಟು 56. ಎಮ್ಮೆ 60ರಲ್ಲಿದೆ, ನಡುವೆ 4 ಉಳಿಯಿತು. ತಾಳೆ ಬಂತು.

ಮೂಟೆಗೆ ಬೇರೆ ಚಿತ್ರ

ಮೂರನೇ ಪ್ರಶ್ನೆಯಲ್ಲಿ ವಸ್ತು ಬದಲಾಗಿದೆ. ಇಷ್ಟು ಹೊತ್ತು ಬಸ್ಸು, ಈಗ ಮೂಟೆ. ವಸ್ತು ಬದಲಾದರೆ ಚಿತ್ರವೂ ಬದಲಾಗಬೇಕು. ಬಸ್ಸಿನೊಳಗೆ ಮೂಟೆ ಬರೆದು, ಬಸ್ಸಿನ ಬಾಣ, ಮೂಟೆಯ ಬಾಣ ಎಲ್ಲ ಒಂದೇ ಕಡೆ ತುಂಬಿದರೆ ಯಾವುದು ಯಾರ ಮೇಲಿನ ಬಲ ಎಂದೇ ತಿಳಿಯುವುದಿಲ್ಲ. ಮೂಟೆಗೊಂದು ಚೌಕ ಮಾತ್ರ ಬರೆಯಿರಿ. ನೆಲವನ್ನೂ ಬರೆಯಬೇಡಿ.

ಆ ಚೌಕದ ಮೇಲೆ ಬಾಣಗಳನ್ನು ಹಾಕುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮೂಟೆಯನ್ನು ಯಾವುದು ಮುಟ್ಟುತ್ತಿದೆ? ಭೂಮಿಯ ಎಳೆತ ಮುಟ್ಟದೆಯೂ ಇರುತ್ತದೆ, ಅದೊಂದು ಬಾಣ ಕೆಳಕ್ಕೆ, 25 × 10 = 250 N. ಉಳಿದಂತೆ ಮೂಟೆಯನ್ನು ಮುಟ್ಟಿರುವುದು ಬಸ್ಸಿನ ನೆಲ ಮಾತ್ರ. ನೆಲ ಮೇಲಕ್ಕೆ ಒತ್ತುತ್ತದೆ, ಸಮತಟ್ಟಾದ್ದರಿಂದ ಅದೂ 250 N. ಮತ್ತು ನೆಲ ಘರ್ಷಣೆಯಿಂದ ಅಡ್ಡಕ್ಕೆ ಎಳೆಯುತ್ತದೆ. ಒಟ್ಟು ಮೂರು ಬಾಣ, ನಾಲ್ಕನೆಯದು ಇಲ್ಲ.

ಎಲ್ಲರೂ ಹಾಕುವ ನಾಲ್ಕನೇ ಬಾಣ ಒಂದಿದೆ, ಮುಂದಕ್ಕೆ. ಬ್ರೇಕ್ ಹಾಕಿದಾಗ ನಾವು ಮುಗ್ಗರಿಸುತ್ತೇವಲ್ಲ, ಯಾರೋ ತಳ್ಳಿದ ಹಾಗೆ ಆಗುತ್ತದಲ್ಲ ಎನ್ನುತ್ತಾರೆ. ತಳ್ಳಿದ್ದು ಯಾರು ಎಂದು ಕೇಳಿ. ಹೆಸರು ಹೇಳಲು ಆಗದಿದ್ದರೆ ಬಾಣ ಅಳಿಸಿ. ರಸ್ತೆಬದಿಯಲ್ಲಿ ನಿಂತು ನೋಡುವವರಿಗೆ ಮೂಟೆ ತನ್ನ ವೇಗದಲ್ಲೇ ಮುಂದೆ ಹೋಗಲು ನೋಡುತ್ತಿದೆ, ಅದರ ಕೆಳಗಿನ ಬಸ್ಸು ನಿಧಾನವಾಗುತ್ತಿದೆ, ಅಷ್ಟೆ. ಮೂಟೆಯೂ ಬಸ್ಸಿನ ಜೊತೆಗೇ ನಿಧಾನವಾಗಬೇಕಿದ್ದರೆ ಅದನ್ನು ಹಿಂದಕ್ಕೆ ಎಳೆಯುವವರು ಬೇಕು. ಆ ಕೆಲಸ ಮಾಡಬಲ್ಲದ್ದು ಘರ್ಷಣೆ ಒಂದೇ. ಹಾಗಾಗಿ ಘರ್ಷಣೆಯ ಬಾಣ ಹಿಂದಕ್ಕೆ.

ಈಗ ಮೂಟೆಯ ಪಟ್ಟಿ. ಪ್ರಶ್ನೆ "ಜಾರುತ್ತದೆಯೇ?" ಎಂದಿರುವಾಗ ಪಟ್ಟಿಯಲ್ಲಿ ಎರಡು ಸಂಗತಿ ಎದುರುಬದುರು ಇರಬೇಕು: ಎಷ್ಟು ಬಲ ಬೇಕು, ಎಷ್ಟು ಸಿಗಬಲ್ಲದು. ಜಾರದೆ ಬಸ್ಸಿನೊಂದಿಗೆ 5 m/s² ದರದಲ್ಲಿ ನಿಧಾನವಾಗಲು ಬೇಕಾದದ್ದು 25 × 5 = 125 N. ಸ್ಥಾಯಿ ಘರ್ಷಣೆ ಹೆಚ್ಚೆಂದರೆ ಕೊಡಬಲ್ಲದ್ದು 0.4 × 250 = 100 N. ಸಾಲದು. ಮೂಟೆ ಜಾರುತ್ತದೆ.

ಈ "ಹೆಚ್ಚೆಂದರೆ" ಎನ್ನುವುದನ್ನು ಬಿಡಬೇಡಿ. 0.4 × 250 ಘರ್ಷಣೆಯ ಮೇಲಿನ ಮಿತಿ. ಬೇಕಾದದ್ದು 60 N ಮಾತ್ರ ಆಗಿದ್ದರೆ ಘರ್ಷಣೆ 60 N ಅಷ್ಟೇ ಕೊಡುತ್ತಿತ್ತು, 100 ಅಲ್ಲ.

ಆರಂಭದಲ್ಲಿ ಹೇಳಿದ 3.33 ನೆನಪಿಸಿಕೊಳ್ಳಿ. ಅದನ್ನು ಹಿಡಿದವರಿಗೆ ಬೇಕಾದ ಬಲ ಸುಮಾರು 83 N, ಮಿತಿಯ ಒಳಗೇ. ಮೂಟೆ ಕದಲುವುದಿಲ್ಲ ಎಂದು ಬರೆಯುತ್ತಾರೆ. 4 ಮೀಟರ್ ಕಳೆದು 16 ಕಳೆಯಲು ಮರೆತವರಿಗೆ s = 56, a ಸುಮಾರು -3.57, ಅವರ ಮೂಟೆಯೂ ಕದಲುವುದಿಲ್ಲ.

ಮೂಟೆಯ 25 ಕೆ.ಜಿ.ಯ ಬಗ್ಗೆ ಒಂದು ಸಣ್ಣ ಮಾತು. ಬೇಕಾದ ಬಲದಲ್ಲೂ ಅದಿದೆ, ಸಿಗುವ ಬಲದಲ್ಲೂ ಅದಿದೆ. ಎರಡೂ ಕಡೆಯಿಂದ ಹೊಡೆದುಹಾಕಿದರೆ ಉಳಿಯುವ ಹೋಲಿಕೆ 5ಕ್ಕೂ 0.4 × 10 = 4ಕ್ಕೂ. ಮೂಟೆ 50 ಕೆ.ಜಿ. ಇದ್ದರೂ ಜಾರುತ್ತಿತ್ತು. ಬಸ್ಸಿನ 12,000 ಕೆ.ಜಿ. ಬೇಡವಾದದ್ದು ಅದು ಪ್ರಶ್ನೆಗೇ ಸಂಬಂಧಿಸಿಲ್ಲ ಎಂದು. ಇದು ಬೇಡವಾದದ್ದು ಲೆಕ್ಕದಲ್ಲಿ ತಾನೇ ಕಳೆದುಹೋಗುತ್ತದೆ ಎಂದು. ಮೊದಲನೆಯದನ್ನು ಓದುವಾಗಲೇ ಗುರುತಿಸಬಹುದು, ಎರಡನೆಯದು ಅಕ್ಷರ ಬರೆದು ನೋಡಿದ ಮೇಲೆ ತಿಳಿಯುತ್ತದೆ. ಹಾಗಾಗಿ ಸಂಶಯವಿದ್ದರೆ ಪಟ್ಟಿಯಿಂದ ತೆಗೆಯಬೇಡಿ.

ಜಾರಿದ ಮೂಟೆ ಎಷ್ಟು ದೂರ ಹೋಗಿ ನಿಂತಿತು? ಅದನ್ನು ಕೇಳಿಲ್ಲ, ಕೇಳುವ ಹಾಗೂ ಇಲ್ಲ. ಜಾರತೊಡಗಿದ ಮೇಲೆ ಬೇಕಾಗುವುದು ಚಲನೆಯಲ್ಲಿನ ಘರ್ಷಣಾಂಕ, ಅದನ್ನು ಕೊಟ್ಟಿಲ್ಲ. 0.4 ಅನ್ನೇ ಅಲ್ಲೂ ಬಳಸಿದರೆ ಕೊಡದ ಮಾಹಿತಿಯನ್ನು ನೀವೇ ಸೇರಿಸಿದ ಹಾಗೆ.

ಇದೇ ಚಿತ್ರವನ್ನು ಇಟ್ಟುಕೊಂಡು ಲೆಕ್ಕವನ್ನು ತಿರುಗಿಸಿ ನೋಡಿ: ಬಸ್ಸು ಅದೇ C ಜಾಗದಲ್ಲಿ ನಿಲ್ಲಬೇಕು, ಮೂಟೆ ಜಾರಬಾರದು, ಹಾಗಿದ್ದರೆ ಡ್ರೈವರ್ ಎಮ್ಮೆ ಕಂಡ ಮೇಲೆ ಹೆಚ್ಚೆಂದರೆ ಎಷ್ಟು ಸಮಯದಲ್ಲಿ ಬ್ರೇಕ್ ಹಾಕಬೇಕಿತ್ತು? ಈಗ 0.8ರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬಂತು, a ಜಾಗದಲ್ಲಿ -4 ಬಂತು. ಮೊದಲು ಪಟ್ಟಿ, ಆಮೇಲೆ ಗೆರೆ, ಆಮೇಲೆ ಸೂತ್ರ. ನಿಮಗೆ 0.3 ಸೆಕೆಂಡು ಸಿಗಬೇಕು. 0.5 ಸಿಕ್ಕಿದ್ದರೆ ಗೆರೆಯ ಬಲತುದಿಯ 4 ಮೀಟರ್ ಬಿಟ್ಟುಹೋಗಿದೆ.